ಸಕ್ಕರೆ ದ್ವೀಪದ ಮೇಸ್ತ್ರಿಗಳು ಹೂಡಿದ ದಂಗೆ

ಆಲೆಮನೆ ನೋಡಿದವರಿಗೆ ಗೊತ್ತು, ಕಡಿದ ಕಬ್ಬು ಕಾಯುವುದಿಲ್ಲ. ಒಂದೆರಡು ದಿನದಲ್ಲಿ ಅರೆಯದಿದ್ದರೆ ರಸ ಹುಳಿಯಾಗುತ್ತದೆ, ಪಾಕ ಹರಳುಗಟ್ಟುವುದಿಲ್ಲ. ಕೆರಿಬಿಯನ್ ಸಮುದ್ರದ ಫ್ರೆಂಚ್ ವಸಾಹತು ಸೇಂಟ್ ಡೊಮಿಂಗ್, ಅಂದರೆ ಇಂದಿನ ಹೈಟಿ, ನಡೆಯುತ್ತಿದ್ದದ್ದೇ ಈ ಅವಸರದ ಮೇಲೆ. ಕೊಯ್ಲಿನ ತಿಂಗಳುಗಳಲ್ಲಿ ಗಾಣ ರಾತ್ರಿಯೂ ತಿರುಗುತ್ತಿತ್ತು. ತೂಕಡಿಸಿದವನ ಕೈ ಕಬ್ಬಿನೊಂದಿಗೆ ಉರುಳೆಯೊಳಗೆ ಹೋಗುತ್ತಿತ್ತು. 1789ರ ಹೊತ್ತಿಗೆ ಅಲ್ಲಿ ಸುಮಾರು 5 ಲಕ್ಷ ಗುಲಾಮರಿದ್ದರು. ಬಿಳಿಯರು ಹೆಚ್ಚೆಂದರೆ 40,000, ಸ್ವತಂತ್ರರಾಗಿದ್ದ ಮಿಶ್ರವರ್ಣೀಯರು ಮತ್ತು ಕರಿಯರು 30,000ದ ಆಸುಪಾಸು. ಸಾಯುವವರ ಸಂಖ್ಯೆ ಹುಟ್ಟುವವರಿಗಿಂತ ಹೆಚ್ಚು. ಹಾಗಾಗಿ ವರ್ಷವರ್ಷವೂ ಆಫ್ರಿಕಾದಿಂದ ಹಡಗು ತುಂಬಿ ಜನರನ್ನು ತರಬೇಕಿತ್ತು. 1791ರಲ್ಲಿ ಗುಲಾಮರು ದಂಗೆಯೇಳುವ ವೇಳೆಗೆ ಅಲ್ಲಿದ್ದ ಗುಲಾಮರಲ್ಲಿ ಹೆಚ್ಚಿನವರು ಆಫ್ರಿಕಾದಲ್ಲೇ ಹುಟ್ಟಿದವರು, ಕೆಲವರು ಅಲ್ಲಿನ ಯುದ್ಧಗಳಲ್ಲಿ ಬಂದೂಕು ಹಿಡಿದವರು.

ಈ ದಂಗೆ ಹಸಿವಿನಿಂದ ತಾನಾಗಿ ಹೊತ್ತಿಕೊಂಡದ್ದು ಎಂಬ ಮಾತು ಸರಿಯಲ್ಲ. ಅದನ್ನು ಹೂಡಿದವರು ತೋಟದ ಮೇಸ್ತ್ರಿಗಳು. ಅವರೂ ಗುಲಾಮರೇ. ಆದರೆ ಆಳುಗಳನ್ನು ಸಾಲಾಗಿ ನಿಲ್ಲಿಸಿ ಕೆಲಸ ತೆಗೆಯುವ ಅಧಿಕಾರ ಅವರದು, ಭಾನುವಾರ ಪಕ್ಕದ ತೋಟಕ್ಕೆ ಹೋಗಿಬರುವ ಸಲುಗೆಯೂ ಇತ್ತು. 1791ರ ಆಗಸ್ಟ್ 14ರ ಭಾನುವಾರ, ಉತ್ತರದ ಬಯಲಿನ ತೋಟಗಳಿಂದ ಸುಮಾರು 200 ಮಂದಿ ಹೀಗೆ ಒಂದೆಡೆ ಸೇರಿ ಯೋಜನೆ ಮಾಡಿದರು.

ಯೋಜನೆ ಮೊದಲೇ ಬಯಲಾಯಿತು ಕೂಡ. ಒಂದೆರಡು ದಿನಕ್ಕೇ ಲಿಂಬೆ ಸೀಮೆಯ ಶಬೋ ತೋಟದಲ್ಲಿ ಕೆಲವರು ಆತುರಪಟ್ಟು ಕಬ್ಬಿನ ಸಿಪ್ಪೆ ಒಣಗಿಸಿಡುವ ಕೊಟ್ಟಿಗೆಗೆ ಬೆಂಕಿ ಇಟ್ಟರು. ಒಲೆಗೆ ಸೌದೆಯೇ ಆ ಸಿಪ್ಪೆ, ಅದು ಸುಟ್ಟರೆ ಕೊಪ್ಪರಿಗೆ ಕುದಿಯುವುದಿಲ್ಲ. ಸಿಕ್ಕಿಬಿದ್ದವರು ಎಲ್ಲವನ್ನೂ ಬಾಯಿಬಿಟ್ಟರು. ಆದರೆ ಎಚ್ಚರಿಕೆ ತಲುಪಿದ ತೋಟದವರು, ತಮ್ಮ ಆಳುಗಳು ಹಾಗೆ ಮಾಡುವವರಲ್ಲ ಎಂದು ಸುಮ್ಮನಾದರು. ಆಗಸ್ಟ್ 22ರ ರಾತ್ರಿ ಬುಕ್‌ಮನ್ ಎಂಬ ಮುಖಂಡನ ಪಡೆ ತೋಟದಿಂದ ತೋಟಕ್ಕೆ ನಡೆಯಿತು. ಕಬ್ಬಿನ ಗದ್ದೆಯ ಜೊತೆಗೆ ಗಾಣ, ಪಾಕದ ಮನೆ, ಕೊಪ್ಪರಿಗೆಗಳನ್ನೂ ಹಾಳುಗೆಡವಿದರು. ಗದ್ದೆ ಮತ್ತೆ ಚಿಗುರುತ್ತದೆ, ಗಾಣ ಚಿಗುರುವುದಿಲ್ಲ. ಕೆಲವೇ ವಾರಗಳಲ್ಲಿ ನೂರಾರು ತೋಟಗಳು ಬೂದಿಯಾದವು. ನವೆಂಬರಿನಲ್ಲಿ ಬುಕ್‌ಮನ್ ಹತನಾದ, ದಂಗೆ ನಿಲ್ಲಲಿಲ್ಲ.

ಗುಲಾಮಗಿರಿಯನ್ನು ಪ್ಯಾರಿಸ್ ರದ್ದು ಮಾಡಿತು ಎನ್ನುವವರು ತಾರೀಕುಗಳ ಸಾಲನ್ನು ಗಮನಿಸಬೇಕು. 1793ರಲ್ಲಿ ಫ್ರೆಂಚ್ ಗಣರಾಜ್ಯದ ಆಯುಕ್ತ ಸೊಂತೊನಾಕ್ಸ್‌ಗೆ ಮೂರು ಕಡೆಯಿಂದ ಒತ್ತಡ. ಬಿಳಿ ತೋಟಗಾರರು ತಿರುಗಿಬಿದ್ದಿದ್ದರು, ಸ್ಪೇನ್ ದಂಗೆಕೋರರನ್ನು ತನ್ನ ಸೈನ್ಯಕ್ಕೆ ಸೇರಿಸಿಕೊಳ್ಳುತ್ತಿತ್ತು, ಬ್ರಿಟನ್ನಿನೊಂದಿಗೂ ಯುದ್ಧ ಶುರುವಾಗಿತ್ತು. ಸೈನಿಕರು ಬೇಕಿದ್ದ ಅವನು ಆಗಸ್ಟ್ 29ರಂದು ಉತ್ತರ ಪ್ರಾಂತ್ಯದ ಗುಲಾಮರೆಲ್ಲ ಸ್ವತಂತ್ರರು ಎಂದು ಸಾರಿದ. ಪ್ಯಾರಿಸ್ಸಿನ ಸಭೆ ಎಲ್ಲ ವಸಾಹತುಗಳಿಗೂ ಅದನ್ನು ಅನ್ವಯಿಸಿದ್ದು 1794ರ ಫೆಬ್ರವರಿ 4ರಂದು. ಅದೇ ವರ್ಷ ದಂಗೆಕೋರರ ಮುಖಂಡರಲ್ಲಿ ಒಬ್ಬನಾದ ತೂಸಾಂ ಲೂವರ್ತುರ್ ಸ್ಪೇನ್ ಬಿಟ್ಟು ಫ್ರಾನ್ಸ್ ಕಡೆ ಬಂದ. 1798ರಲ್ಲಿ ಬ್ರಿಟಿಷರು ದ್ವೀಪ ಖಾಲಿ ಮಾಡಿದರು.

ಇಲ್ಲಿಂದ ಕತೆ ತೊಡಕಾಗುತ್ತದೆ. ಈಗ ವಸಾಹತನ್ನು ಆಳುತ್ತಿದ್ದ ತೂಸಾಂಗೆ ಸೈನ್ಯಕ್ಕೆ ಮದ್ದುಗುಂಡು ಕೊಳ್ಳಲು ಸಕ್ಕರೆ ಮತ್ತು ಕಾಫಿ ಬೇಕಿತ್ತು. ಸ್ವತಂತ್ರರಾದವರಿಗೆ ಬೇಕಿದ್ದದ್ದು ತಮ್ಮದೇ ತುಂಡು ನೆಲ. 1801ರ ಅವನ ಸಂವಿಧಾನ ಗುಲಾಮಗಿರಿಯನ್ನು ಶಾಶ್ವತವಾಗಿ ತೆಗೆಯಿತು, ಜೊತೆಗೆ ಕೂಲಿಗಳನ್ನು ತೋಟಕ್ಕೆ ಕಟ್ಟಿಹಾಕಿತು. ಕೂಲಿಯ ಬದಲು ಫಸಲಿನಲ್ಲಿ ಪಾಲು ಸಿಗುತ್ತಿತ್ತು, ಚಾವಟಿಗೆ ನಿಷೇಧವಿತ್ತು, ಬಿಟ್ಟುಹೋಗುವ ಹಕ್ಕು ಮಾತ್ರ ಇರಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಉತ್ತರದ ಕೂಲಿಗಳು ದಂಗೆಯೆದ್ದಾಗ, ಅವರ ಪರ ಎಂದು ಕಂಡ ತನ್ನ ಸಾಕು ಸೋದರಳಿಯ ಮೊಯೀಸ್‌ನನ್ನೇ ತೂಸಾಂ ಗುಂಡಿಟ್ಟು ಕೊಲ್ಲಿಸಿದ. ಮರುವರ್ಷ ನೆಪೋಲಿಯನ್ನನ ಸೈನ್ಯ ಇಳಿದಾಗ ಜನ ಅವನ ಬೆನ್ನಿಗೆ ಪೂರ್ತಿಯಾಗಿ ನಿಲ್ಲದಿರಲು ಇದೂ ಒಂದು ಕಾರಣವೆಂದೇ ನನ್ನ ಅನಿಸಿಕೆ.

ಆ ಸೈನ್ಯದ ದಂಡನಾಯಕ ಲಕ್ಲೇರ್ 1802ರ ಜೂನ್‌ನಲ್ಲಿ ತೂಸಾಂನನ್ನು ಮೋಸದಿಂದ ಹಿಡಿದು ಫ್ರಾನ್ಸಿಗೆ ಸಾಗಿಸಿದ. ಜೂರಾ ಬೆಟ್ಟಸೀಮೆಯ ಥಂಡಿ ಕೋಟೆಯಲ್ಲಿ 1803ರ ಏಪ್ರಿಲ್‌ನಲ್ಲಿ ತೂಸಾಂ ತೀರಿಕೊಂಡ. ಆದರೆ ಫ್ರಾನ್ಸಿನ ಇನ್ನೊಂದು ವಸಾಹತು ಗ್ವಾಡಲೂಪ್‌ನಲ್ಲಿ ಗುಲಾಮಗಿರಿ ಮರಳುತ್ತಿದೆ ಎಂಬ ಸುದ್ದಿ ಬಂತು, ಇಲ್ಲಿ ಜನರಿಂದ ಬಂದೂಕು ಕಸಿಯುವುದೂ ನಡೆದಿತ್ತು. ಎರಡನ್ನೂ ಕೂಡಿಸಿ ನೋಡಿದವರಿಗೆ ಅರ್ಥವಾಯಿತು. ಆವರೆಗೆ ಲಕ್ಲೇರ್‌ನ ಕೈಕೆಳಗಿದ್ದ ಕರಿಯ ಸೇನಾನಿಗಳಾದ ದೆಸಲೀನ್, ಕ್ರಿಸ್ತೋಫ್ ಅಕ್ಟೋಬರಿನಲ್ಲಿ ತಿರುಗಿಬಿದ್ದರು. ಸೊಳ್ಳೆಯಿಂದ ಹರಡುವ ಹಳದಿ ಜ್ವರ ಫ್ರೆಂಚ್ ಸೈನಿಕರನ್ನು ಸಾವಿರಗಟ್ಟಲೆ ನುಂಗಿತು, ಲಕ್ಲೇರ್‌ನೂ ಅದಕ್ಕೇ ಬಲಿಯಾದ. 1803ರ ನವೆಂಬರ್ 18ರಂದು ವೆರ್ತಿಯೇರ್‌ನಲ್ಲಿ ಫ್ರೆಂಚರು ಸೋತರು. 1804ರ ಜನವರಿ 1ರಂದು ಗೊನಾಯೀವ್ ಊರಿನಲ್ಲಿ ದೆಸಲೀನ್ ಸ್ವಾತಂತ್ರ್ಯ ಸಾರಿ, ಮೂಲನಿವಾಸಿಗಳು ಬಳಸುತ್ತಿದ್ದ ಹೈಟಿ ಎಂಬ ಹೆಸರನ್ನು ಮರಳಿ ಇಟ್ಟ. ಉಳಿದಿದ್ದ ಫ್ರೆಂಚ್ ನಿವಾಸಿಗಳನ್ನು ಮುಂದಿನ ತಿಂಗಳುಗಳಲ್ಲಿ ಅವನ ಆಜ್ಞೆಯಂತೆ ಕೊಂದದ್ದೂ ಈ ಲೆಕ್ಕದಲ್ಲಿ ಬರುತ್ತದೆ.

ದೊಡ್ಡ ತೋಟಗಳನ್ನು ಉಳಿಸಲು ದೆಸಲೀನ್‌ನೂ ಕ್ರಿಸ್ತೋಫ್‌ನೂ ಒತ್ತಾಯದ ದುಡಿಮೆಯ ದಾರಿಯನ್ನೇ ಹಿಡಿದರು. ದಕ್ಷಿಣವನ್ನು ಆಳುತ್ತಿದ್ದ ಪೇತಿಯೋನ್ ಸೈನಿಕರಿಗೆ ಭೂಮಿ ಹಂಚಿದ. ಗೆದ್ದದ್ದು ಕೊನೆಗೆ ತುಂಡು ನೆಲವೇ. ಸಕ್ಕರೆ ರಫ್ತು ನೆಲಕಚ್ಚಿತು, ಬೆಟ್ಟದ ಇಳಿಜಾರಿನಲ್ಲಿ ಊಟಕ್ಕೆ ಬೆಳೆ, ಮಾರಲು ನಾಲ್ಕು ಕಾಫಿ ಗಿಡ. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಕಳುಹಿಸಿ, ಹಳೆಯ ತೋಟಗಾರರ ನಷ್ಟಕ್ಕೆಂದು 15 ಕೋಟಿ ಫ್ರಾಂಕ್ ಕೇಳಿತು. 1838ರಲ್ಲಿ ಅದು 9 ಕೋಟಿಗೆ ಇಳಿಯಿತು. ಆ ಹಣ ಬಹುಪಾಲು ಹೊರಟದ್ದು ಇದೇ ಕಾಫಿಯ ಮೇಲಿನ ಸುಂಕದಿಂದ.