ಎಷ್ಟು ಜನ ಅಂದರು, ಎಷ್ಟು ಗಟ್ಟಿಯಾಗಿ ಅಂದರು

ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರ ಗುಂಪು ಚರ್ಚೆಯೊಂದರ ರೆಕಾರ್ಡಿಂಗ್ ಸಾರಾಂಶಕ್ಕೆಂದು ನಮ್ಮ ಬಳಿ ಬಂದಿತ್ತು. ಎಂಟು ಜನ, ಒಂದೂವರೆ ಗಂಟೆಯ ಮಾತು. ವಿಷಯ, ಹುಳು ಮನೆಯ ಶಾಖ ಮತ್ತು ತೇವ ಅಳೆದು, ಏರುಪೇರಾದರೆ ಮೊಬೈಲಿಗೆ ಮೆಸೇಜ್ ಕಳಿಸುವ ಒಂದು ಯಂತ್ರ. ಅದನ್ನು ತಯಾರಿಸುವ ತಂಡಕ್ಕೆ ಎರಡು ಪುಟ ಸಾಕಿತ್ತು. ನಮ್ಮ ಕಿರಿಯ ಸಹೋದ್ಯೋಗಿ ಮೊದಲ ಕರಡಿನಲ್ಲಿ ಹೀಗೆ ಬರೆದಿದ್ದರು: “ಬಹುಪಾಲು ಜನರಿಗೆ ಬೆಲೆ ಜಾಸ್ತಿ ಅನಿಸಿದೆ. ಮೆಸೇಜ್ ಬೇರೆಯವರಿಗೂ ಬರಲಿ ಎಂದು ಒಬ್ಬಿಬ್ಬರು ಕೇಳಿದರು.”

ಎರಡೂ ನಿಜ. ಆದರೆ ಇದನ್ನು ಓದಿದ ತಂಡ ಬೆಲೆ ಇಳಿಸಲು ಕೂರುತ್ತದೆ, ಎರಡನೇ ಸಾಲನ್ನು ಮರೆಯುತ್ತದೆ.

ನಾನು ಮೊದಲ ಸಲ ಕೇಳುವಾಗ ಯಾವ ಗುಂಪನ್ನೂ ಮಾಡುವುದಿಲ್ಲ. ಒಂದು ಹಾಳೆಯಲ್ಲಿ ನಾಲ್ಕು ಸಂಗತಿ ಬರೆದುಕೊಳ್ಳುತ್ತೇನೆ: ಎಷ್ಟನೇ ನಿಮಿಷ, ಯಾರು, ಅವರದೇ ಮಾತು, ಮತ್ತು ಆ ಮಾತು ತಾನಾಗಿ ಬಂತೋ ಕೇಳಿದ್ದಕ್ಕೆ ಬಂತೋ. ಯಾರು ಎಂದು ತಿಳಿಯಲು ಅಲ್ಲಿ ಕೂತಿದ್ದವರು ಬರೆದುಕೊಂಡ ಕೂರುವ ಜಾಗದ ನಕ್ಷೆ ಬೇಕೇ ಬೇಕು. ಅದಿಲ್ಲದಿದ್ದರೆ ಒಂದೂವರೆ ಗಂಟೆಯ ದನಿಗಳೆಲ್ಲ ಕಲಸಿಹೋಗುತ್ತವೆ. ಈ ಸೀಮೆಯಲ್ಲಿ ಕನ್ನಡದಲ್ಲಿ ಶುರುವಾದ ಮಾತು ನಡುವೆ ತೆಲುಗಿಗೆ ಹೊರಳುವುದುಂಟು. ಅದನ್ನೂ ಹಾಗೇ ಇಳಿಸಿಕೊಂಡು, ಅರ್ಥವನ್ನು ಪಕ್ಕದಲ್ಲಿ ಬರೆಯುತ್ತೇನೆ.

ಗುಂಪು ಮಾಡುವುದು ಆಮೇಲೆ. ಇಲ್ಲಿ ವಿಷಯ ನೋಡಿ ವಿಂಗಡಿಸಿದರೆ ಮೋಸ ಹೋಗುತ್ತೇವೆ. ಕಾರಣ ನೋಡಿ ವಿಂಗಡಿಸಬೇಕು. “ಬೆಲೆ” ಎಂಬ ಒಂದೇ ತಲೆಬರಹದಡಿ ಮೂರು ಬೇರೆ ಅಭಿಪ್ರಾಯಗಳಿದ್ದವು. ಇಬ್ಬರಿಗೆ ಗೂಡು ಮಾರಿದ ಮೇಲಷ್ಟೇ ಕೈಗೆ ಕಾಸು ಬರುವುದರಿಂದ ಒಂದೇ ಸಲಕ್ಕೆ ಕೊಡುವುದು ಕಷ್ಟ. ಇಬ್ಬರಿಗೆ ಅದು ಕೆಲಸ ಮಾಡುತ್ತದೆಂಬ ನಂಬಿಕೆಯೇ ಇಲ್ಲ. ಇನ್ನೊಬ್ಬರು ಗೋಡೆಗೆ ನೇತುಹಾಕುವ ಥರ್ಮಾಮೀಟರಿನ ಬೆಲೆಗೆ ಹೋಲಿಸುತ್ತಿದ್ದರು. ಮೊದಲಿನವರಿಗೆ ಕಂತು ಬೇಕು, ಎರಡನೆಯವರಿಗೆ ಒಂದು ಬೆಳೆ ಮಟ್ಟಿಗೆ ಇಟ್ಟು ನೋಡುವ ಅವಕಾಶ ಬೇಕು. ಬೆಲೆ ಇಳಿಸಿದರೆ ಒಪ್ಪಬಹುದಾದವರು ಒಬ್ಬರೇ.

ಇನ್ನು ಗಟ್ಟಿತನ. ದನಿ ಏರಿದ ಮಾತ್ರಕ್ಕೆ ಅದು ಗಟ್ಟಿ ಅಭಿಪ್ರಾಯವಲ್ಲ. ಕೆಲವರು ನೀರು ಕೇಳುವುದೂ ಜಗಳದ ಹಾಗೆಯೇ. ನಾನು ನೋಡುವುದು ಇಷ್ಟು: ಯಾರೂ ಕೇಳದೆ ಮಾತು ಬಂತೇ, ವಿಷಯ ಬದಲಾದ ಮೇಲೂ ಅದಕ್ಕೇ ಮರಳಿದರೇ, ಎದುರಾಡಿದಾಗ ನಿಂತರೇ, ಅದಕ್ಕಾಗಿ ಈಗಾಗಲೇ ಕೈಯಿಂದ ಏನಾದರೂ ಮಾಡಿಕೊಂಡಿದ್ದಾರೆಯೇ. ಕೊನೆಯದಕ್ಕೆ ನನ್ನಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕ.

ಯಂತ್ರ ಕೈಯಿಂದ ಕೈಗೆ ದಾಟುತ್ತಿದ್ದ ಮೊದಲ ಕಾಲು ಗಂಟೆಯಲ್ಲಿ ಬೆಲೆಯ ಮಾತನ್ನು ಯಾರೂ ಎತ್ತಿರಲಿಲ್ಲ. ಚರ್ಚೆ ನಡೆಸುತ್ತಿದ್ದವರೇ ಕೇಳಿದರು. ದೊಡ್ಡ ತೋಟದ ಹಿರಿಯರೊಬ್ಬರು “ಜಾಸ್ತಿ ಆಯ್ತು ಬಿಡಪ್ಪ” ಅಂದರು, ನಾಲ್ವರು ಹೌದು ಹೌದು ಅಂದರು. ಸ್ವಲ್ಪ ಹೊತ್ತಿನ ನಂತರ ಆ ನಾಲ್ವರಲ್ಲೇ ಇಬ್ಬರು “ಬೆಳೆ ಉಳಿಯೋದಾದ್ರೆ ಕೊಡಬಹುದು” ಅಂದರು. ಹಬ್ಬಿದ್ದು ಅಗಲಕ್ಕೆ, ಬೇರು ಆಳಕ್ಕಿಲ್ಲ.

ಮೆಸೇಜಿನ ಮಾತು ಬಂದದ್ದು ಇಬ್ಬರು ಹೆಂಗಸರಿಂದ. ಅವರಲ್ಲಿ ಒಬ್ಬರು ತಾವಾಗಿಯೇ ಶುರು ಮಾಡಿದರು: “ಫೋನು ನಮ್ಮೆಜಮಾನ್ರ ಹತ್ರ ಇರ್ತದೆ, ಅವ್ರು ಗೂಡು ಹಾಕ್ಕೊಂಡು ಮಾರ್ಕೆಟ್ಟಿಗೆ ಹೋಗಿರ್ತಾರೆ. ಹುಳ ನೋಡೋಳು ನಾನು.” ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳುವಿಗೆ ಸುಮಾರು 24–25 ಡಿಗ್ರಿ ಶಾಖ ಹಿತ, ಸೆಖೆ ಏರಿದರೆ ರೋಗಕ್ಕೆ ದಾರಿ. ಆ ದಿನಗಳಲ್ಲಿ ಆಕೆ ರಾತ್ರಿ ಅಲಾರಂ ಇಟ್ಟುಕೊಂಡು ಎದ್ದು ಥರ್ಮಾಮೀಟರ್ ನೋಡುತ್ತಾರಂತೆ. “ಮೆಸೇಜ್ ಬಂದ್ರೆ ಮನೆಗೆ ಫೋನ್ ಮಾಡ್ತೀವಲ್ಲಮ್ಮ” ಎಂದು ಒಬ್ಬರು ಸಮಾಧಾನ ಹೇಳಿದರು. “ನೀವು ನೋಡಿದಾಗ ಅಲ್ವಾ ಮಾಡೋದು?” ಅಂದರು ಆಕೆ. ಬೆಲೆಯ ಚರ್ಚೆಯ ನಡುವೆಯೂ ಮತ್ತೆ ಇದಕ್ಕೇ ಬಂದರು.

ಅಂತಿಮ ಸಾರಾಂಶದಲ್ಲಿ ಎರಡನ್ನೂ ಹೀಗೆ ಬರೆದೆವು:

“ಬೆಲೆ ಹೆಚ್ಚು: ಐವರು, ಕೇಳಿದ ಮೇಲೆ ಬಂದದ್ದು, ಇಬ್ಬರು ಆಮೇಲೆ ಸಡಿಲಿಸಿದರು. ಗಟ್ಟಿತನ ಕಡಿಮೆ.”

“ಎಚ್ಚರಿಕೆ ಹುಳು ನೋಡುವವರಿಗೆ ತಲುಪದು: ಇಬ್ಬರು, ಕೇಳದೆ ಬಂದದ್ದು, ಒಬ್ಬರು ಮತ್ತೆ ಎತ್ತಿದರು, ಎದುರು ಮಾತಿಗೆ ಮಣಿಯಲಿಲ್ಲ, ರಾತ್ರಿ ಅಲಾರಂ ಇಡುತ್ತಾರೆ. ಗಟ್ಟಿತನ ಹೆಚ್ಚು.”

ಆಧಾರವನ್ನು ಪಕ್ಕದಲ್ಲೇ ಬರೆಯುವುದರಿಂದ ನಮ್ಮ ತೀರ್ಮಾನ ಒಪ್ಪದವರು ನಿಮಿಷ ಹುಡುಕಿ ತಾವೇ ಕೇಳಬಹುದು. ಎಂಟರಲ್ಲಿ ಐವರನ್ನು ಶೇಕಡಾ ಲೆಕ್ಕಕ್ಕೆ ಇಳಿಸುವುದಿಲ್ಲ. ಇಳಿಸಿದರೆ ತಾಲ್ಲೂಕಿನ ಬೆಳೆಗಾರರೆಲ್ಲರ ಅಭಿಪ್ರಾಯವೆಂದೇ ಓದುತ್ತಾರೆ. ಒಬ್ಬ ಯುವಕ ಇಡೀ ಚರ್ಚೆಯಲ್ಲಿ ಹೆಚ್ಚುಕಡಿಮೆ ಮಾತೇ ಆಡಿರಲಿಲ್ಲ. ಅವನನ್ನು ಯಾವ ಕಡೆಗೂ ಸೇರಿಸದೆ “ತಿಳಿಯಲಿಲ್ಲ” ಎಂದು ಬರೆದೆವು. ತಲೆ ಆಡಿಸಿದ್ದು ಆಡಿಯೋದಲ್ಲಿ ಕೇಳಿಸುವುದಿಲ್ಲವಲ್ಲ.

ತಂಡದವರು ಓದಿ, ಮೆಸೇಜ್ ಎರಡು ನಂಬರಿಗೆ ಹೋಗಲೋ, ಹುಳು ಮನೆಯಲ್ಲೇ ಗಂಟೆ ಬಾರಿಸಲೋ ಎಂದು ಕೇಳಿದರು. ಅದಕ್ಕೆ ಈ ರೆಕಾರ್ಡಿಂಗಿನಲ್ಲಿ ಉತ್ತರವಿರಲಿಲ್ಲ, ಇಬ್ಬರ ಮಾತಿನಿಂದ ಹಿಂಜಿ ತೆಗೆಯಲೂ ಬಾರದು. ಮುಂದಿನ ಚರ್ಚೆಗೆ ಹೆಂಗಸರನ್ನಷ್ಟೇ ಕರೆಯಿರಿ, ಸೊಪ್ಪು ಹಾಕುವ ಹೊತ್ತು ಬಿಟ್ಟು ಮಧ್ಯಾಹ್ನ ಇಟ್ಟುಕೊಳ್ಳಿ ಎಂದು ಬರೆದು ಕಳಿಸಿದೆವು.