ನಲವತ್ತು ಪಾಠ ಸರಿ, ದಿನ ಎಷ್ಟು?

ಡೊಂಬಿವಲಿಯ ಗಣಿತ ಟೀಚರ್ ಒಬ್ಬರು ಒಂದು ಭಾನುವಾರ ದಪ್ಪ ಫೈಲ್ ಹಿಡಿದುಕೊಂಡು ಮಾಟುಂಗಾದ ನಮ್ಮ ಮನೆಗೆ ಬಂದರು. ಆಸ್ಟ್ರೇಲಿಯಾಕ್ಕೆ ಅರ್ಜಿ ಹಾಕುವವರಿದ್ದರು. ನಾನು ಬಹಳ ವರ್ಷ ಬಿ.ಎಡ್. ಕಾಲೇಜಿನಲ್ಲಿ ಪ್ರ್ಯಾಕ್ಟೀಸ್ ಟೀಚಿಂಗ್ ನೋಡಿಕೊಂಡವನು. ಹಾಗಾಗಿ ಇಂಥ ಫೈಲುಗಳು ನನ್ನ ಹತ್ತಿರ ಬರುತ್ತಿರುತ್ತವೆ. "ಸರ್, ಎಲ್ಲಾ ಇದೆ ಅಲ್ವಾ?" ಎಂದರು. ಹೆಚ್ಚುಕಮ್ಮಿ ಎಲ್ಲಾ ಇತ್ತು. ಮೂರು ವರ್ಷದ ಬಿ.ಎಸ್‌ಸಿ., 2010ರಲ್ಲಿ ಕರ್ನಾಟಕದಲ್ಲಿ ಮುಗಿಸಿದ ಒಂದು ವರ್ಷದ ಬಿ.ಎಡ್., ಮುಂಬೈ ಶಾಲೆಗಳ ಅನುಭವ ಪತ್ರಗಳು. ತೊಡಕು ಇದ್ದದ್ದು ಒಂದೇ ಹಾಳೆಯಲ್ಲಿ. ಬಿ.ಎಡ್. ಕಾಲೇಜು ಕೊಟ್ಟ ಪತ್ರದಲ್ಲಿ "40 ಪಾಠಗಳನ್ನು ಯಶಸ್ವಿಯಾಗಿ ಮುಗಿಸಿದ್ದಾರೆ" ಎಂದಷ್ಟೇ ಬರೆದಿತ್ತು.

ಆಸ್ಟ್ರೇಲಿಯಾದಲ್ಲಿ ಟೀಚರುಗಳ ಅರ್ಹತೆ ಅಳೆಯುವ ಸಂಸ್ಥೆ ಎಐಟಿಎಸ್‌ಎಲ್. ಅದು ಕೇಳುವುದು ಒಟ್ಟು ನಾಲ್ಕು ವರ್ಷದ ಕಾಲೇಜು ಓದು. ಅದರಲ್ಲಿ ಕನಿಷ್ಠ ಒಂದು ವರ್ಷ ಶಿಕ್ಷಕ ತರಬೇತಿ ಇರಬೇಕು. ನಮ್ಮ ಹಳೆಯ ಬಿ.ಎಡ್. ಇಲ್ಲಿಗೆ ಸಾಕು. ಆದರೆ ಆ ತರಬೇತಿಯ ಒಳಗೇ, ಮೇಲ್ವಿಚಾರಕರ ಕಣ್ಣೆದುರು, ಶಾಲೆಯ ಮಕ್ಕಳಿಗೆ ಕಲಿಸಿದ 45 ದಿನಗಳಿರಬೇಕು. ಅವರು ಎಣಿಸುವುದು ದಿನ. ನಾವು ಆಗ ಎಣಿಸುತ್ತಿದ್ದದ್ದು ಪಾಠ. ಒಂದೇ ದಿನ ಎರಡು ಪಾಠ ಕೊಟ್ಟವರೂ ಇದ್ದರು. ಹಾಗಿದ್ದಾಗ 40 ಪಾಠ ಎಂದರೆ 20 ದಿನವೂ ಆಗಬಹುದು, 40 ದಿನವೂ ಆಗಬಹುದು. ಹೇಗೆ ನೋಡಿದರೂ 45 ಆಗುವುದಿಲ್ಲ.

"ನಾನು ಹನ್ನೆರಡು ವರ್ಷದಿಂದ ದಿನಾ ಪಾಠ ಮಾಡ್ತಿದ್ದೀನಲ್ಲ ಸರ್" ಎಂದರು ಅವರು. ಎಲ್ಲರೂ ಕೇಳುವ ಪ್ರಶ್ನೆ ಇದು. ನ್ಯಾಯವಾದದ್ದೇ. ಆದರೆ ನೌಕರಿಯ ಅನುಭವ ಈ 45 ದಿನಕ್ಕೆ ಬದಲಿ ಆಗುವುದಿಲ್ಲ. ಸಹಪಾಠಿಗಳನ್ನೇ ಮಕ್ಕಳಂತೆ ಕೂರಿಸಿ ಮಾಡುವ ಮೈಕ್ರೋ ಟೀಚಿಂಗೂ ಲೆಕ್ಕಕ್ಕಿಲ್ಲ.

ಹಾಗಾದರೆ ದಿನಗಳು ನಿಜಕ್ಕೂ ಇರಲಿಲ್ಲವೇ? ನಾನು ಅವರ ಹಳೆಯ ಲೆಸನ್ ಪ್ಲ್ಯಾನ್ ಪುಸ್ತಕ ತರಿಸಿದೆ. ಪುಣ್ಯಕ್ಕೆ ರದ್ದಿಗೆ ಹಾಕಿರಲಿಲ್ಲ. ಪ್ರತಿ ಪಾಠದ ಮೇಲೆ ತಾರೀಖು, ತರಗತಿ, ಕೆಳಗೆ ಮೇಲ್ವಿಚಾರಕರ ಸಹಿ. ತಾರೀಖುಗಳನ್ನು ಎಣಿಸಿದಾಗ 31 ದಿನ ಸಿಕ್ಕಿತು. ಕೊನೆಗೆ ಬ್ಲಾಕ್ ಟೀಚಿಂಗ್ ಎಂದು ಒಂದೇ ಶಾಲೆಯಲ್ಲಿ ಮೂರು ವಾರ ಕಳೆದದ್ದು ಅವರಿಗೆ ಮರೆತೇ ಹೋಗಿತ್ತು. ಆ ಹಾಜರಿ ಕಾಲೇಜಿನ ರಿಜಿಸ್ಟರಿನಲ್ಲಿತ್ತು. ಅದು 18 ದಿನ. ಒಟ್ಟು 49.

ಅವರು ರಜೆ ಹಾಕಿ ಊರಿಗೆ ಹೋಗಿ ಹೊಸ ಪತ್ರ ತಂದರು. ಕಾಲೇಜಿನ ಲೆಟರ್‌ಹೆಡ್ ಮೇಲೆ ಒಟ್ಟು ದಿನ, ಕಲಿಸಿದ ತರಗತಿಗಳು ಮತ್ತು ಮಕ್ಕಳ ವಯಸ್ಸು, ವಿಷಯಗಳು, ಪ್ರಾಂಶುಪಾಲರ ಸಹಿ, ಸೀಲು. ವಯಸ್ಸು ಬರೆಸಲು ಕಾರಣವಿದೆ. ಹೈಸ್ಕೂಲ್ ಟೀಚರ್ ಎಂದು ಅರ್ಜಿ ಹಾಕುವವರು ತರಬೇತಿಯಲ್ಲಿ ದೊಡ್ಡ ಮಕ್ಕಳಿಗೇ ಕಲಿಸಿರಬೇಕು. ಇವರದು 8, 9ನೇ ತರಗತಿ, ಸರಿಹೋಯಿತು. ಇದೇ ಬಿ.ಎಡ್. ಮಾಡಿ ಇಲ್ಲಿ ಮೂರನೇ ತರಗತಿಗೆ ಕಲಿಸುವವರು ಪ್ರೈಮರಿ ಎಂದು ಅರ್ಜಿ ಹಾಕಿ ಸೋಲುವುದನ್ನು ನೋಡಿದ್ದೇನೆ. ಈಗಿನ ಕೆಲಸವನ್ನಲ್ಲ, ತರಬೇತಿಯನ್ನು ನೋಡುತ್ತಾರೆ.

ಎಣಿಸಿದಾಗ 38 ದಿನವೇ ಬಂದರೆ? ಪತ್ರದಲ್ಲಿ 45 ಎಂದು ಬರೆಸಿಕೊಳ್ಳುವ ಆಸೆ ಬೇಡ. ಎಐಟಿಎಸ್‌ಎಲ್‌ನವರು ಕಾಲೇಜನ್ನೇ ಕೇಳಿ ನೋಡಬಹುದು, ಸಿಕ್ಕಿಬಿದ್ದರೆ ಬಾಗಿಲು ಮುಚ್ಚಿತು. 2015ರ ನಂತರ ಎರಡು ವರ್ಷದ ಬಿ.ಎಡ್. ಮಾಡಿದವರಿಗೆ ಈ ತಲೆನೋವು ಕಡಿಮೆ, ಅದರಲ್ಲಿ 20 ವಾರದ ಶಾಲಾ ಇಂಟರ್ನ್‌ಶಿಪ್ ಇದೆ.

ದಿನ ಕಡಿಮೆ ಇರುವ ಗಣಿತ, ವಿಜ್ಞಾನದ ಟೀಚರುಗಳಿಗೆ ನಾನು ಇಂಗ್ಲೆಂಡಿನ ಶಿಕ್ಷಕ ಅರ್ಹತೆಯಾದ ಕ್ಯೂಟಿಎಸ್ ನೋಡಿ ಎನ್ನುತ್ತೇನೆ. ಅಲ್ಲಿ ಈ ವಿಷಯಗಳಿಗೆ ಜನ ಸಾಲದು. ಅದಕ್ಕೇ 2023ರಲ್ಲಿ ಭಾರತದವರಿಗೂ ನೇರ ಅರ್ಜಿಯ ದಾರಿ ತೆರೆದರು, ಆದರೆ 11ರಿಂದ 16 ವಯಸ್ಸಿನವರಿಗೆ ಗಣಿತ, ವಿಜ್ಞಾನ, ಭಾಷೆ ಕಲಿಸುವ ತರಬೇತಿ ಪಡೆದವರಿಗೆ ಮಾತ್ರ. ತರಬೇತಿಯ ನಂತರ ಕನಿಷ್ಠ ಒಂದು ವರ್ಷ ಕಲಿಸಿರಬೇಕು. ಅಲ್ಲಿ ನೌಕರಿಯ ಅನುಭವಕ್ಕೆ ಬೆಲೆ ಇದೆ. ಸಮಾಜ ವಿಜ್ಞಾನದವರಿಗೆ ಈ ದಾರಿ ಇಲ್ಲ. ಕ್ಯೂಟಿಎಸ್ ಸಿಕ್ಕಿತೆಂದು ವೀಸಾ ಸಿಕ್ಕಂತೆಯೂ ಅಲ್ಲ, ಕೆಲಸ ಕೊಡುವ ಶಾಲೆ ಬೇರೆ ಹುಡುಕಬೇಕು. ಆಸ್ಟ್ರೇಲಿಯಾದಲ್ಲೂ ಹಾಗೇ. ಎಐಟಿಎಸ್‌ಎಲ್ ಕಾಗದ ವೀಸಾಕ್ಕೆ ಮಾತ್ರ. ತರಗತಿಗೆ ಕಾಲಿಡಲು ಆಯಾ ರಾಜ್ಯದಲ್ಲಿ ನೋಂದಣಿ ಆಗಬೇಕು.

ಡೊಂಬಿವಲಿಯವರ ಅರ್ಜಿ ಇನ್ನೂ ಹೋಗಿಲ್ಲ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಬರಹಕ್ಕೆ 7, ಕೇಳುವುದು, ಮಾತಾಡುವುದಕ್ಕೆ 8 ಬೇಕು. ಇವರಿಗೆ ಮಾತಿನಲ್ಲಿ 8 ಬಂತು, ಕೇಳುವುದರಲ್ಲಿ ಏಳೂವರೆಗೆ ನಿಂತಿತು. ಈಗ ಲೋಕಲ್‌ನಲ್ಲಿ ಇಯರ್‌ಫೋನ್ ಹಾಕಿಕೊಂಡು ಆಸ್ಟ್ರೇಲಿಯಾದ ರೇಡಿಯೋ ಕೇಳುತ್ತಾ ಹೋಗುತ್ತಾರಂತೆ. ಮುಂದಿನ ತಿಂಗಳು ಮತ್ತೆ ಪರೀಕ್ಷೆ.