‘k’ ಒತ್ತಿದರೆ 2 ಬರ್ತಿದೆ, ಪಾಸ್‌ವರ್ಡ್ ತಪ್ಪು ಅಂತಿದೆ: ಕೀಬೋರ್ಡ್ ಕೆಟ್ಟಿದೆಯಾ?

ಪ್ರಶ್ನೆ: ನನ್ನದು ಚಿಕ್ಕ ಲ್ಯಾಪ್‌ಟಾಪ್, ಹಳೆಯದು. ಬಲಗಡೆ ಬೇರೆ ನಂಬರ್ ಪ್ಯಾಡ್ ಇಲ್ಲ. ಅಂಗಡಿ ಲೆಕ್ಕ ಬರೆಯೋಕೆ ಅಂತ ಒಂದು ಯುಎಸ್‌ಬಿ ನಂಬರ್ ಪ್ಯಾಡ್ ತಂದು ಸಿಕ್ಕಿಸಿದೆ. ಅವತ್ತು ಚೆನ್ನಾಗಿತ್ತು. ಮರುದಿನ ಲ್ಯಾಪ್‌ಟಾಪ್ ಆನ್ ಮಾಡಿದರೆ ಪಾಸ್‌ವರ್ಡೇ ತೆಗೆದುಕೊಳ್ಳುತ್ತಿಲ್ಲ. ಕೆಲವು ಅಕ್ಷರಗಳ ಜಾಗದಲ್ಲಿ ಅಂಕಿ ಬರ್ತಿದೆ. ಕೀಬೋರ್ಡ್ ಬದಲಾಯಿಸಬೇಕಾ?

ಉತ್ತರ: ಬೇಡ. ಕೀಬೋರ್ಡ್ ಚೆನ್ನಾಗೇ ಇದೆ, ನಮ್ ಲಾಕ್ ಆನ್ ಆಗಿದೆ ಅಷ್ಟೇ. ಮೊದಲು ಒಂದು ಮಾತು: ಪಾಸ್‌ವರ್ಡ್ ಮತ್ತೆ ಮತ್ತೆ ಹೊಡೆಯೋದನ್ನು ನಿಲ್ಲಿಸಿ. ಜಾಸ್ತಿ ಸಲ ತಪ್ಪಾದರೆ ವಿಂಡೋಸ್ ಸ್ವಲ್ಪ ಹೊತ್ತು ಲಾಕ್ ಮಾಡಿಬಿಡಬಹುದು.

ನಿಮ್ಮ ಕೀಬೋರ್ಡನ್ನು ಬೆಳಕಿಗೆ ಹಿಡಿದು ನೋಡಿ. J, K, L ಕೀಗಳ ಮೂಲೆಯಲ್ಲೋ ಮುಂದಿನ ಅಂಚಿನಲ್ಲೋ ಸಣ್ಣದಾಗಿ, ಬೇರೆ ಬಣ್ಣದಲ್ಲಿ 1, 2, 3 ಅಂತ ಅಚ್ಚಾಗಿರುತ್ತದೆ. ಅದರ ಮೇಲಿನ ಸಾಲಿನ U, I, O ಮೇಲೆ 4, 5, 6. ಅದಕ್ಕೂ ಮೇಲೆ 7, 8, 9 ಹೇಗಿದ್ದರೂ ಅಲ್ಲೇ ಇವೆ. ಕೆಳಗೆ M ಅಂದರೆ 0. ಜಾಗ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಅಕ್ಷರಗಳ ನಡುವೆಯೇ ಒಂದು ನಂಬರ್ ಪ್ಯಾಡ್ ಅಡಗಿಸಿಟ್ಟಿದ್ದಾರೆ. ನಮ್ ಲಾಕ್ ಆನ್ ಆದ ತಕ್ಷಣ ಆ ಕೀಗಳು ಅಕ್ಷರ ಬಿಟ್ಟು ಅಂಕಿ ಕೊಡೋಕೆ ಶುರು ಮಾಡುತ್ತವೆ. ಎಡಗೈ ಕಡೆಯ ಅಕ್ಷರಗಳಿಗೆ ಏನೂ ಆಗುವುದಿಲ್ಲ. ಅದಕ್ಕೇ ನಿಮಗೆ ‘ಕೆಲವು ಅಕ್ಷರ’ ಮಾತ್ರ ಕೆಟ್ಟ ಹಾಗೆ ಕಂಡಿದ್ದು.

ಒಂದು ಉದಾಹರಣೆ ನೋಡೋಣ. ನುಡಿಯ ಕೀಲಿಮಣೆಯಲ್ಲಿ ‘ಕಮಲ’ ಬರೆಯೋಕೆ k, m, l ಒತ್ತುತ್ತೇವೆ ಅಲ್ವಾ? ನಮ್ ಲಾಕ್ ಆನ್ ಇದ್ದರೆ ಕಮಲದ ಬದಲು 203 ಬರುತ್ತದೆ. ಪಾಸ್‌ವರ್ಡ್ `mukul99` ಅಂತಿಟ್ಟುಕೊಳ್ಳಿ, ಒಳಗೆ ಹೋಗೋದು `0424399`. ಲಾಗಿನ್ ಪರದೆ ಮೇಲೆ ಬರೀ ಚುಕ್ಕಿ ಕಾಣುವುದರಿಂದ ಗೊತ್ತಾಗಲ್ಲ. ಪಾಸ್‌ವರ್ಡ್ ಜಾಗದ ಕೊನೆಯಲ್ಲಿ ಕಣ್ಣಿನ ಗುರುತು ಇರುತ್ತದೆ. ಅದನ್ನು ಒತ್ತಿ ಹಿಡಿದರೆ ಏನು ಬಿದ್ದಿದೆ ಅಂತ ಕಾಣಿಸುತ್ತದೆ. ಅಕ್ಷರದ ಜಾಗದಲ್ಲಿ ಅಂಕಿ ಕಂಡರೆ ಅನುಮಾನವೇ ಬೇಡ.

ಆಫ್ ಮಾಡೋದು ಹೇಗೆ? ನೀವು ತಂದ ಪ್ಯಾಡ್‌ನಲ್ಲಿ ನಮ್ ಲಾಕ್ ಕೀ ಇದ್ದರೆ ಅದನ್ನೇ ಒಮ್ಮೆ ಒತ್ತಿ. ಇಲ್ಲದಿದ್ದರೆ ಲ್ಯಾಪ್‌ಟಾಪ್‌ನಲ್ಲಿ `NumLk` ಅಂತ ಬರೆದಿರುವ ಕೀ ಹುಡುಕಿ. ಆ ಹೆಸರು `Fn` ಕೀ ಬಣ್ಣದಲ್ಲೇ ಇದ್ದರೆ `Fn` ಹಿಡಿದುಕೊಂಡು ಅದನ್ನು ಒತ್ತಬೇಕು. ಕೆಲವು ಕಡೆ ಅದು F11 ಮೇಲೆ, ಕೆಲವು ಕಡೆ Scroll Lock ಜೊತೆ ಇರುತ್ತದೆ. ಒಂದೊಂದು ಕಂಪನಿಯದು ಒಂದೊಂದು ಥರ. ಆದರೆ ಸಿಕ್ಕಸಿಕ್ಕ ಕೀಗಳನ್ನು ಒಟ್ಟಿಗೆ ಒತ್ತಬೇಡಿ. ಎಡಗಡೆಯ Alt, Shift ಜೊತೆ NumLock ಒತ್ತಿದರೆ ಮೌಸ್ ಕೀಸ್ ಅನ್ನೋದನ್ನು ಆನ್ ಮಾಡಲೇ ಅಂತ ವಿಂಡೋಸ್ ಕೇಳುತ್ತದೆ. ಹೂಂ ಅಂದರೆ ನಂಬರ್ ಪ್ಯಾಡ್ ಒತ್ತಿದಾಗ ಮೌಸ್ ಬಾಣ ಓಡಾಡುತ್ತದೆ. ಅದೊಂದು ಹೊಸ ತಲೆನೋವು.

ಕೀ ಸಿಗಲೇ ಇಲ್ಲವೆಂದರೆ ಪರದೆಯ ಕೀಬೋರ್ಡ್ ಇದೆ. ಲಾಗಿನ್ ಪರದೆಯ ಕೆಳಗಡೆ ಬಲ ಮೂಲೆಯ ಅಕ್ಸೆಸಿಬಿಲಿಟಿ ಗುರುತು ಒತ್ತಿ ಅದನ್ನು ತೆರೆಯಿರಿ. ಒಳಗೆ ಬಂದ ಮೇಲಾದರೆ ವಿಂಡೋಸ್ ಕೀ, Ctrl, O ಮೂರನ್ನೂ ಒಟ್ಟಿಗೆ ಒತ್ತಿದರೆ ಸಾಕು. ಅದರ `Options` ಒಳಗೆ `Turn on numeric key pad` ಟಿಕ್ ಮಾಡಿ. ಆಗ `NumLock` ಬಟನ್ ಕಾಣಿಸುತ್ತದೆ. ಮೌಸ್‌ನಿಂದ ಒಮ್ಮೆ ಕ್ಲಿಕ್ ಮಾಡಿ. ನಮ್ ಲಾಕ್ ದೀಪವೇ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಈಗ ಅದು ಆನ್ ಇದೆಯಾ ಆಫ್ ಇದೆಯಾ ಅಂತ ತಿಳಿಯಬೇಕಾದರೆ ಪವರ್‌ಶೆಲ್ ತೆರೆದು ಇದನ್ನು ಹಾಕಿ:

```
[console]::NumberLock
```

`True` ಬಂದರೆ ಆನ್, `False` ಬಂದರೆ ಆಫ್.

ಇನ್ನು, ಬೇರೆ ಪ್ಯಾಡ್ ಸಿಕ್ಕಿಸಿದ್ದಕ್ಕೆ ಲ್ಯಾಪ್‌ಟಾಪ್‌ನ ಅಕ್ಷರ ಯಾಕೆ ಬದಲಾಗಬೇಕು? ವಿಂಡೋಸ್‌ನಲ್ಲಿ ನಮ್ ಲಾಕ್ ಇಡೀ ಕಂಪ್ಯೂಟರಿಗೆ ಒಂದೇ. ಎರಡು ಕೀಬೋರ್ಡ್ ಇದ್ದರೂ ಎರಡಕ್ಕೂ ಸೇರಿ ಒಂದೇ ಸ್ವಿಚ್. ಪ್ಯಾಡ್‌ನಲ್ಲಿ ಅಂಕಿ ಬರಲಿ ಅಂತ ನೀವು ಅದನ್ನು ಆನ್ ಮಾಡಿದಿರಿ, ಲ್ಯಾಪ್‌ಟಾಪ್ ಕೂಡ ‘ಓಹೋ, ನನಗೂ ಅಂತ’ ಅಂದುಕೊಂಡು ತನ್ನ J, K, Lಗಳನ್ನು ಅಂಕಿ ಮಾಡಿತು. ಈಚಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅಡಗಿಸಿಟ್ಟ ಪ್ಯಾಡನ್ನೇ ತೆಗೆದುಹಾಕಿದ್ದಾರೆ. ಅಲ್ಲಿ ಈ ಗೋಳಿಲ್ಲ.

ಈ ಸ್ವಿಚ್ ಹುಟ್ಟಿದ್ದೇ ಜಾಗದ ಕೊರತೆಯಿಂದ. 1981ರ ಐಬಿಎಂ ಪಿಸಿಯ ಕೀಬೋರ್ಡ್‌ನಲ್ಲಿ 83 ಕೀಗಳಿದ್ದವು. ಬಾಣದ ಕೀಗಳು ಬೇರೆ ಇರಲಿಲ್ಲ. ನಂಬರ್ ಪ್ಯಾಡ್‌ನ 2, 4, 6, 8 ಕೀಗಳೇ ಬಾಣಗಳೂ ಆಗಿದ್ದವು. ಅಂಕಿ ಬೇಕಾ, ಬಾಣ ಬೇಕಾ ಅಂತ ಹೇಳೋಕೆ ನಮ್ ಲಾಕ್ ಬೇಕಾಯಿತು. ಆಮೇಲೆ ಬಾಣಕ್ಕೆ ಬೇರೆ ಕೀ ಬಂದರೂ ಸ್ವಿಚ್ ಮಾತ್ರ ಹೋಗಲಿಲ್ಲ. ಲ್ಯಾಪ್‌ಟಾಪ್ ಮಾಡಿದವರು ಅದಕ್ಕೆ ಇನ್ನೊಂದು ಕೆಲಸ ಹಚ್ಚಿದರು.

ಹಾಗಾದರೆ ಅಂಕಿ ಹೊಡೆಯೋದು ಹೇಗೆ? ದಿನಕ್ಕೆ ನಾಲ್ಕಾರು ಬಿಲ್ ಅಂದರೆ ಮೇಲಿನ ಸಾಲೇ ಸಾಕು. ಅಡಗಿದ ಪ್ಯಾಡನ್ನು ಲೆಕ್ಕಕ್ಕೆ ಬಳಸಿ ಅಂತ ನಾನು ಹೇಳುವುದಿಲ್ಲ. ಅಲ್ಲಿ ಕಾಲಮ್‌ಗಳು ಓರೆ. ನಿಜವಾದ ಪ್ಯಾಡ್‌ನಲ್ಲಿ 8, 5, 2 ಒಂದರ ಕೆಳಗೆ ಒಂದು ನೆಟ್ಟಗಿರುತ್ತವೆ, ಇಲ್ಲಿ 8, I, K ಜಾರುತ್ತಾ ಹೋಗುತ್ತವೆ. ಕ್ಯಾಲ್ಕುಲೇಟರಿಗೆ ಒಗ್ಗಿದ ಬೆರಳು 5 ಅಂದುಕೊಂಡು 4 ಹೊಡೆಯುತ್ತದೆ. ಲೆಕ್ಕದಲ್ಲಿ ಇಂಥ ತಪ್ಪು ಕಣ್ಣಿಗೆ ಬೇಗ ಬೀಳಲ್ಲ. ಜೊತೆಗೆ ಆ ಹೊತ್ತಿಗೆ ಮೇಲಿನ ಸಾಲಿನ 0 ಕೂಡ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಚಿಹ್ನೆ ಕೊಡುತ್ತದೆ.

ಅದು ಕೆಲಸಕ್ಕೆ ಬರೋದು ಒಂದು ಕಡೆ: Alt ಹಿಡಿದು ಸಂಖ್ಯೆ ಹೊಡೆದು ಚಿಹ್ನೆ ತರಿಸುವಾಗ. ಉದಾಹರಣೆಗೆ Alt ಹಿಡಿದು 0176 ಹೊಡೆದು ಬಿಟ್ಟರೆ ಡಿಗ್ರಿಯ ° ಬರುತ್ತದೆ. ಮೇಲಿನ ಸಾಲಿನ ಅಂಕಿಗಳಿಂದ ಇದು ಆಗಲ್ಲ. ನಮಗೆ ಎರಡೂ 1 ಆದರೂ, ಕಂಪ್ಯೂಟರಿಗೆ ಮೇಲಿನ 1 ಬೇರೆ ಕೀ, ಪ್ಯಾಡ್‌ನ 1 ಬೇರೆ ಕೀ. ನಮ್ ಲಾಕ್ ಆನ್ ಮಾಡಿ Alt ಜೊತೆ M, J, 7, O ಒತ್ತಿದರೆ 0176 ಹೋಗುತ್ತದೆ. ರೂಪಾಯಿ ಚಿಹ್ನೆಗೆ ಇಷ್ಟೆಲ್ಲ ಬೇಡ. ಕೀಬೋರ್ಡ್ ಭಾಷೆ ಇಂಗ್ಲಿಷ್ (ಇಂಡಿಯಾ) ಇದ್ದರೆ Ctrl, Alt, 4 ಒಟ್ಟಿಗೆ ಒತ್ತಿ, ₹ ಬರುತ್ತದೆ.

ಅಂಗಡಿ ಲೆಕ್ಕ ಜಾಸ್ತಿ ಇದೆ, ಯುಎಸ್‌ಬಿ ಪ್ಯಾಡೇ ಬೇಕು ಅಂದರೆ ನಿಮಗೆ ಎರಡು ದಾರಿ. ಈಗಿರುವ ಪ್ಯಾಡನ್ನೇ ಇಟ್ಟುಕೊಂಡು, ಅಂಕಿ ಹೊಡೆಯುವಾಗ ನಮ್ ಲಾಕ್ ಆನ್, ಮುಗಿದ ಮೇಲೆ ಆಫ್ ಮಾಡೋದು ಒಂದು. ಪ್ಯಾಡ್ ಕಿತ್ತರೆ ನಮ್ ಲಾಕ್ ತಾನಾಗಿ ಆಫ್ ಆಗುತ್ತದೆ ಅಂತ ನಂಬಬೇಡಿ, ಆಫ್ ಮಾಡಿಯೇ ಕೀಳಿ. ಇನ್ನೊಂದು, ತನ್ನದೇ ನಮ್ ಲಾಕ್ ಇರುವ ಪ್ಯಾಡ್ ಕೊಳ್ಳೋದು. ಅಂಥದ್ದು ಪ್ರತಿ ಅಂಕಿಗೂ ಮೊದಲು ನಮ್ ಲಾಕ್ ಆನ್ ಮಾಡಿ, ಅಂಕಿ ಕಳಿಸಿ, ತಕ್ಷಣ ಆಫ್ ಮಾಡುತ್ತದೆ. ಲ್ಯಾಪ್‌ಟಾಪ್‌ನ ಅಕ್ಷರಗಳು ಅಕ್ಷರಗಳಾಗಿಯೇ ಉಳಿಯುತ್ತವೆ. ಅಂಗಡಿಯಲ್ಲಿ ಕೊಳ್ಳುವ ಮುಂಚೆ ನಿಮ್ಮ ಲ್ಯಾಪ್‌ಟಾಪ್‌ಗೇ ಸಿಕ್ಕಿಸಿ, ಪ್ಯಾಡ್‌ನಲ್ಲಿ 5 ಹೊಡೆದು, ಕೂಡಲೇ ಲ್ಯಾಪ್‌ಟಾಪ್‌ನ k ಒತ್ತಿ ನೋಡಿ. k ಬಂದರೆ ತನ್ನಿ, 2 ಬಂದರೆ ಅಲ್ಲೇ ಬಿಟ್ಟು ಬನ್ನಿ.